ಹಿಮ್ಮಡಿ ಹೊಲಿದ ಸೂಜಿ

ನಮ್ಮ ಅತ್ತಿ ತನ್ನ ಹಿಮ್ಮಡಿ ತಾನೇ ಹೊಲಕೋತಿದ್ಲು. ಸುಳ್ಳಲ್ಲರೀ. ಗಡಿ ಆಚಿ ನಮ್ಮ ಔರಾದ ಕಡಿ ಒಣಗಾಳಿ ಬಿಟ್ಟಿತಂದ್ರ ಕರಿನೆಲದಂಗ ಹಿಮ್ಮಡಿನೂ ಬಾಯಿ ಬಿಡತಾವ. ಹೊಲದಾಗ ಬರಿಗಾಲಲೆ ದುಡಿಯೋ ಹಳೇ ಹೆಂಗಸರು ದಪ್ಪ ತೊಗಲಿನ ಅಂಚಿಗಿ ಸೂಜಿ ಹಾಕಿ, ದಾರ ಎಳದು, ಗಂಟು ಹಾಕಿ ಮತ್ತ ಕಳೇ ತಗೀಲಾಕ ಹೋಗತಾರ. ಅಂಚಿನ ತೊಗಲು ಸತ್ತಿರತದ, ನೋಯೂದಿಲ್ಲ.

ನಾ ಬೀದರ ಕಡಿಯಿಂದ ಲಗ್ನ ಆಗಿ ಬಂದಾಕಿ. ನನ್ನ ಹಿಮ್ಮಡಿನೂ ಒಡದಿದ್ವು. ಕಾಲು ಊರಿದ್ರ ಕಣ್ಣಾಗ ನೀರು. ಔರಾದದ ಡಾಕ್ಟರ್ ಯೂರಿಯಾ ಮುಲಾಮು ಬರದುಕೊಟ್ರು. ಉಗುರುಬೆಚ್ಚನ ನೀರಾಗ ಸ್ವಲ್ಪು ಹೊತ್ತು ಕಾಲಿಟ್ಟು, ಒತ್ತಿ ಒರಸಿ, ಹಸಿ ಆರೋದರಾಗ ಹಚ್ಚಿ ಕಾಲುಚೀಲ ಹಾಕೊಂಡು ಮಲಗು, ತೊಗಲು ಮೆತ್ತಗಾಗತದ ಅಂದ್ರು. ರಕ್ತ ಬರೋ ಸೀಳಿನಾಗ ಹಚ್ಚಬ್ಯಾಡ, ಉರೀತದ ಅಂದ್ರು. ನನ್ನ ಒಡಕು ಕೂಡಿದ್ವು. ಉಳಿದ ಟ್ಯೂಬ್ ಅತ್ತಿಗಿ ಕೊಟ್ಟೆ. "ಯೂರಿಯಾ ಕಬ್ಬಿಗಿ ಹಾಕ್ತಾರ. ನಾ ಏನ ಎತ್ತರ ಬೆಳೀಬೇಕೇನ?" ಅಂತ ಗ್ವಾಡಿಗಿ ಬೀಸಿ ಒಗದ್ಲು. ಆಕಿ ಔಷಧ ಬ್ಯಾರೇ ಇತ್ತು: ದಿನಾ ಸಂಜಿ ಸುಡೋ ನೀರಿಗಿ ಉಪ್ಪು ಹಾಕಿ ತಾಸಗಟ್ಟಲೆ ಕಾಲು ನೆನಸೋದು.

ಒಂದಿನ ಸಂಜಿ ಆಕಿ ಬೋಗುಣಿಯಾಗ ಬೆರಳು ಅದ್ದಿದೆ, ಚುರ್ ಅಂತು. ಆಕಿ ಅದರಾಗ ಕಾಲಿಟ್ಟು, "ಆರೇದಲ್ಲ, ಇನ್ನೊಂದು ತಂಬಿಗಿ ಬಿಸಿನೀರು ತಾ" ಅಂದ್ಲು. ನಾ ತರಲಿಲ್ಲ. ಬೈಕೋತ ಕಾಲು ತಗದು, ಕೌದಿ ಹೊಲಿಯೋ ಸೂಜಿಗಿ ದಾರ ಪೋಣಿಸಿದ್ಲು. ಸೂಜಿ ಅಂಚು ತಪ್ಪಿ ಒಳಗಿನ ಕೆಂಪು ಮಾಂಸದಾಗ ಇಳೀತು. ರಕ್ತ ಚಿಮ್ಮಿತು. ಆಕಿ ಮಾತ್ರ ದಾರ ಎಳಕೋತ "ರೊಟ್ಟಿ ಹೊತ್ತಾಕತ್ತದ ನೋಡು" ಅಂದ್ಲು. ಹುಬ್ಬು ಸೈತ ಅಲುಗಲಿಲ್ಲ.

ಅಷ್ಟು ಆಳದ ಗಾಯ ನೋಯಲಿಲ್ಲಂದ್ರ ಏನರ್ಥ? ಸೂಜಿ ಕಸಗೊಂಡೆ. "ಬಿಡ ಮೂಳಿ!" ಅಂತ ತಂಬಿಗಿ ಎತ್ತಿ ನನ್ನ ಹಣಿಗಿ ಬಡದ್ಲು. ಹಣಿ ಒಡೀತು. ನಾನೂ ಏನ ಕಮ್ಮಿ ಹಾಳಾದಾಕಿ ಅಲ್ಲ. ಬೋಗುಣಿ ಒದ್ದೆ, ಮನಿ ತುಂಬ ನೀರು. ಆಕಿ ನನ್ನ ಕೂದಲ ಹಿಡದ್ಲು, ನಾ ಆಕಿ ಕಾಲು ಹಿಡದೆ. ಆಗ ವಾಸನಿ ಬಂತು, ಸತ್ತ ಇಲಿದಂಥಾದ್ದು. ಹಿಮ್ಮಡಿ ಒತ್ತಿದ್ರ ಹಳದಿ ಕೀವು ಬಂತು. ಕೆಂಪು ಕಾಲಿನ ಹರಡಿನತನಾ ಏರಿತ್ತು.

ಅಷ್ಟರಾಗ ನಮ್ಮ ಮನಿಯವ್ರು ಬಂದ್ರು. ತಾಯಿ ಕಾಲ ಮ್ಯಾಲ ಹೆಂಡ್ತಿ ಕುಂತಾಳ! "ನಮ್ಮವ್ವನ ಮ್ಯಾಲ ಕೈ ಮಾಡ್ತಿ?" ಅಂತ ಬೆನ್ನಿಗಿ ದಬಾದಬಾ ಗುದ್ದಿದ್ರು. ನಾ ಅವರ ಮಣಿಕಟ್ಟು ಕಚ್ಚಿದೆ. "ಹೊಡೀರಿ! ಮೊದಲ ಇದರ ವಾಸನಿ ನೋಡ್ರಿ!" ಅಂತ ಕಾಲರ್ ಹಿಡದು ಮುಖಾ ತಗ್ಗಸಿದೆ. ಅವರ ಕೈ ಅಲ್ಲೇ ನಿಂತಿತು.

ಮೋಟಾರಸೈಕಲ್ ಮ್ಯಾಲ ಅತ್ತಿನ್ನ ನಡುವ ಕುಂಡ್ರಿಸಿಕೊಂಡು ನಿಲಂಗಾದ ದೊಡ್ಡ ದವಾಖಾನಿಗಿ ಹೊಂಟೆವು. ದಾರಿ ತುಂಬ ಮಗನ ಬೆನ್ನಿಗಿ ಗುದ್ದಿದ್ಲು. ದವಾಖಾನ್ಯಾಗ ಶುಗರ್ ನೋಡಿದ್ರು, ಆಕಾಶಕ್ಕ ಹೋಗಿತ್ತು. ಡಾಕ್ಟರ್ ಒಂದು ನೈಲಾನ್ ಎಳಿ ತಗೊಂಡು, "ಮಾವಶಿ, ಕಣ್ಣು ಮುಚ್ಚು, ಮುಟ್ಟಿದಾಗ ಹೇಳು" ಅಂದ್ರು. ಅಂಗಾಲು, ಬೆರಳು ಎಲ್ಲಾ ಮುಟ್ಟಿದ್ರು. ಅತ್ತಿ ಸುಮ್ಮನ ಕುಂತು ಕುಂತು, "ಯಾವಾಗ ಚಾಲೂ ಮಾಡ್ತಿಯೋ ಮಗಾ?" ಅಂದ್ಲು.

ನಾ ಮುಲಾಮಿಂದು, ಉಪ್ಪುನೀರಿಂದು ಎಲ್ಲಾ ಹೇಳಿದೆ. ಡಾಕ್ಟರ್ ನನ್ನ ಕಡಿ ತಿರುಗಿದ್ರು. "ಒಣ ಒಡಕಿಗಿ ಯೂರಿಯಾ ಸರಿ. ಈಕಿಗಿ ಶುಗರ್ ಕಾಲಿನ ನರ ಮಂದ ಮಾಡ್ಯದ. ಬಿಸಿನೀರು ಸುಟ್ಟದ, ಒಡಕಿನಾಗ ನಂಜು ಹೊಕ್ಕದ. ಇದಕ್ಕ ಮುಲಾಮೂ ಬ್ಯಾಡ, ನೆನಸೋದೂ ಬ್ಯಾಡ, ಸೂಜಿ, ಬ್ಲೇಡ್ ಮೊದಲೇ ಬ್ಯಾಡ. ನಂಜು ಎಲುಬಿಗಿ ಇಳದ್ರ ಕಾಲೇ ಹೋಗತದ." ಅಲ್ಲೇ ಭರ್ತಿ ಮಾಡಕೊಂಡ್ರು. ಕರ್ರಗಾದ ಸತ್ತ ಮಾಂಸ ಕತ್ತರಿಸಿ ಕತ್ತರಿಸಿ ಕೆಂಪು ರಕ್ತ ಬರೋತನಾ ಹೋದ್ರು. ಅತ್ತಿ ಡಾಕ್ಟರ್‌ನ ಏಳು ತಲಿಮಾರು ಬೈದ್ಲು, ಒಬ್ಬ ನರ್ಸಿಗಿ ಒದ್ದಳು. ಎಲುಬು ಚಲೋ ಇತ್ತು. ಕಾಲು ಉಳೀತು.

ಮನಿಗಿ ಬಂದ ಮ್ಯಾಲ ಪಟ್ಟಿ ಕಟ್ಟೋ ಕೆಲಸ ನಂದು. ಒಂದಿನ ಕಾಲು ನನ್ನ ತೊಡಿ ಮ್ಯಾಲಿತ್ತು. ಆಕಿ ಗ್ವಾಡಿ ಕಡಿ ಮುಖಾ ಮಾಡಿ ಮೆಲ್ಲಕ ಅಂದ್ಲು:

"ನೆಲ ನನ್ನ ಕಾಲಿಗಿ ಹತ್ತೋದು ಬಿಟ್ಟು ಭಾಳ ದಿನ ಆಯ್ತವ್ವಾ. ಹತ್ತಿ ಮ್ಯಾಲ ನಡದಂಗ ಆಗ್ತಿತ್ತು. ಹೇಳಿದ್ರ ಹೊಲಾ ಬಿಡಿಸಿ ಮೂಲ್ಯಾಗ ಕುಂಡ್ರಸ್ತಿದ್ರಿ. ಅದಕ್ಕೇ ನೀರು ದಿನಾ ಒಂಚೂರು ಹೆಚ್ಚಿಗಿ ಕಾಸ್ತಿದ್ದೆ. ಇವತ್ತರ ಉರೀಲಿ ಅಂತ."

ಸಿಟ್ಟೂ ಬಂತು, ಅಳೂ ಬಂತು. ಬಾಯಿಗಿ ಬಂದಂಗ ಬೈದೆ. ಆಕಿ ಇನ್ನೊಂದು ಕಾಲೂ ಎತ್ತಿ ನನ್ನ ತೊಡಿ ಮ್ಯಾಲ ಇಟ್ಲು.