ದಾನೇಶ್ವರಿ ತಿದ್ದದ ಒಂದು ಮಾತು

ಸಿಂಧನೂರಿನಲ್ಲಿ ಅರ್ಜಿ ಟೈಪ್ ಮಾಡಿಕೊಡುವ ದಾನೇಶ್ವರಿಗೆ ವಳಕಮದಿನ್ನಿಯ ಅಂಬಪ್ಪ ಮೊಬೈಲಿನಲ್ಲಿ ಮೆಸೇಜು ಕಳಿಸಿ, ಹಿಂದೆಯೇ ತಾನೂ ಬಂದು ಕುಳಿತ. 'ಟಿಸಿ ಬರ್ನ್ ಆಗೈತ್ರಿ ಸರ್, ಊರಾಗ ವಾಟರ್ ಇಲ್ಲ, ಅರ್ಜೆಂಟ್ ಚೇಂಜ್ ಮಾಡ್ರಿ.' ಅದು ವಿದ್ಯುತ್ ಇಂಜಿನಿಯರರಿಗೆ ಮನವಿಯಾಗಬೇಕಿತ್ತು.

'ಬರ್ನ್' ಎಂಬಲ್ಲಿ 'ಸುಟ್ಟುಹೋಗಿದೆ' ಎಂದು ಬರೆದಳು. 'ವಾಟರ್' ಕುಡಿಯುವ ನೀರಾಯಿತು. ಊರಿನ ನೀರಿನ ಪಂಪಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿಗೆ ಅಂಬಪ್ಪ ಬಳಸಿದ 'ಟಿಸಿ' ಎಂಬ ಮಾತನ್ನು ಮಾತ್ರ ಮುಟ್ಟಲಿಲ್ಲ.

"ಅಕ್ಕಾರ, ಅದಕ್ಕ ಪರಿವರ್ತಕ ಅಂತ ಬರೀರಲ್ಲ, ಚೊಲೊ ಕಾಣತೈತಿ."

"ಬ್ಯಾಡ್ರಿ ಅಣ್ಣಾರ. ಸಾಹೇಬ್ರು, ಲೈನ್‌ಮನ್ ಎಲ್ಲಾರೂ ಟಿಸಿನ ಅಂತಾರ. ಆದ್ರ ಯಾವ ಟಿಸಿ ಅಂತ ನೀವು ಬರ್ದಿಲ್ಲ. ಅದರ ನಂಬರ್ ಹೇಳ್ರಿ."

ಅಂಬಪ್ಪ ಊರಿಗೆ ಫೋನ್ ಮಾಡಿ ನಂಬರ್ ಕೇಳಿ ಹೇಳಿದ, ದಾನೇಶ್ವರಿ ಅದನ್ನೂ ಮನವಿಯಲ್ಲಿ ಸೇರಿಸಿದಳು. ಮನವಿ ಓದಿದ ಇಂಜಿನಿಯರ್ ಮರುಪ್ರಶ್ನೆ ಹಾಕದೆ ಸಹಿ ಮಾಡಿದರು. ಮರುದಿನ ಹೊಸ ಟಿಸಿ ಬಂತು, ನಲ್ಲಿಗಳಲ್ಲಿ ನೀರೂ ಬಂತು.

"ಏನು ತಿದ್ದಬೇಕು, ಏನು ಬಿಡಬೇಕು, ಆಕೀಗೆ ಗೊತ್ತು ನೋಡ್ರಿ," ಎಂದು ಅಂಬಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ.