ಇಪ್ಪತ್ತು ಹನಿಯವಳು

ನರ್ಸಿಂಗ್ ಕಾಲೇಜಿನ ಆ ತರಗತಿಯಲ್ಲಿ ಎಲ್ಲರಿಗೂ ಹೆಸರಿತ್ತು, ಅವಳೊಬ್ಬಳನ್ನು ಬಿಟ್ಟು. ಹಾಜರಿ ಕೂಗುವಾಗ ಅವಳಿಗೂ ಒಂದು ಹೆಸರಿತ್ತೆನ್ನಿ, ಆದರೆ ಪುಸ್ತಕ ಮುಚ್ಚಿದೊಡನೆ ಅದೂ ಮುಚ್ಚಿಹೋಗುತ್ತಿತ್ತು. ಉಳಿದ ಹೊತ್ತೆಲ್ಲ ಅವಳು ‘ಆಯಾ’.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಯಾದ ಮೇಲೆ ಹನ್ನೊಂದು ವರ್ಷ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವಳೇ. ಬೆಡ್‌ಪ್ಯಾನ್ ತೊಳೆದಿದ್ದಳು, ಹೆಣ ಒರೆಸಿದ್ದಳು, ಹುಟ್ಟಿದ ಕೂಸಿನ ಬಾಯಿಂದ ಕೊಳೆ ತೆಗೆದಿದ್ದಳು. ಅಲ್ಲಿನ ದೊಡ್ಡ ಸಿಸ್ಟರ್ ಮಂಡಿ ನೋವಿನಿಂದ ಎದ್ದು ಬರಲಾರದ ದಿನಗಳಲ್ಲಿ ಡ್ರಿಪ್ಪಿನ ಹನಿ ಎಣಿಸುವುದನ್ನೂ ಇವಳಿಗೆ ಕಲಿಸಿದ್ದರು. “ಇಪ್ಪತ್ತು ಹನಿ ಬಿದ್ರೆ ಒಂದು ಎಂ.ಎಲ್. ಇದನ್ನ ತಲೇಲಿ ಕೆತ್ತಿಕೊ. ಮಿಕ್ಕಿದ್ದೆಲ್ಲ ಕೂಡಿಸು, ಕಳಿ, ಅಷ್ಟೆ.” ಅವಳು ಕೆತ್ತಿಕೊಂಡಿದ್ದಳು. ಒಗೆದರೂ ಹೋಗದ ಹಾಗೆ.

ಮೂವತ್ತನಾಲ್ಕನೇ ವಯಸ್ಸಿನಲ್ಲಿ ಕಾಲೇಜು ಸೇರಿದಾಗ ಗಂಡ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಡೆಲಿವರಿ ವ್ಯಾನ್ ಓಡಿಸುವವನು ಅವನು, ಮಾತನ್ನೂ ಡೀಸೆಲ್‌ನಂತೆ ಅಳೆದು ಖರ್ಚು ಮಾಡುತ್ತಿದ್ದ. ಮಾತಿನ ಪಾಲನ್ನು ಅತ್ತೆ ವಹಿಸಿಕೊಂಡಿದ್ದಳು. “ಓದು ಓದು. ನಿನ್ನ ಮಗಳೂ ನೀನೂ ಒಂದೇ ಬ್ಯಾಗು ಹಾಕ್ಕೊಂಡು ಹೋಗಿ. ನಾನು ಇಬ್ಬರಿಗೂ ಡಬ್ಬಿ ಕಟ್ತೀನಿ.” ಕಟ್ಟಿದಳು ಕೂಡ, ಪ್ರತಿದಿನ ಗೊಣಗುತ್ತಲೇ.

ತರಗತಿಯಲ್ಲಿ ಅವಳ ಬೆಂಚು ಬಾಗಿಲ ಪಕ್ಕದ್ದು. ಹುಡುಗಿಯರು ಒಳಗೆ ಬರುವಾಗ ಅವಳ ಮೇಜಿನ ಮೇಲೆ ಬ್ಯಾಗು ಇಟ್ಟು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಲೀಡರ್ ಹುಡುಗಿ ಮಾತ್ರ ಒಮ್ಮೊಮ್ಮೆ ನಕ್ಕು, “ಆಯಾ, ನೀರು ಚೆಲ್ಲಿದೆ, ನೋಡು,” ಅನ್ನುತ್ತಿದ್ದಳು. ತಮಾಷೆಗೇ. ಒಂದು ದಿನ ಇವಳು ನಿಜಕ್ಕೂ ಎದ್ದು ಒರೆಸಿಬಿಟ್ಟಳು. ಕೈಗೆ ಆ ಅಭ್ಯಾಸವಿತ್ತು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ಬಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ.

ಔಷಧದ ಲೆಕ್ಕಗಳ ಪಾಠ ಶುರುವಾದಾಗ ಗಾಳಿ ತಿರುಗಿತು. ಹುಡುಗಿಯರಿಗೆ ಲೆಕ್ಕವೆಂದರೆ ಕಹಿ. ಆನ್‌ಲೈನ್ ಕ್ವಿಜ್, ಮನೆಯಿಂದಲೇ ಬರೆಯಬಹುದು, ಆರಿಸಲು ನಾಲ್ಕು ಉತ್ತರಗಳಿಲ್ಲ, ಖಾಲಿ ಚೌಕದಲ್ಲಿ ಅಂಕಿ ತುಂಬಬೇಕು. ಇದರಲ್ಲಿ ಪಾಸಾಗದೆ ವಾರ್ಡಿಗೆ ಕಳಿಸುವುದಿಲ್ಲ. ಹಿಂದಿನ ದಿನ ಕ್ಯಾಂಟೀನಿನಲ್ಲಿ ಲೀಡರ್ ಬಂದು ಅವಳ ಎದುರಿಗೇ ಕುಳಿತಳು. ಪಕ್ಕದಲ್ಲಿ ಅವಳ ಜೊತೆಗಾತಿ ಗುಂಗುರು ಕೂದಲಿನವಳು.

“ಅಕ್ಕ,” ಎಂದಳು ಲೀಡರ್.

ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದರೇನೋ ಎಂದು.

“ನಿನ್ನೇ ಅಕ್ಕ. ನಿಂಗೆ ಅನುಭವ ಇದೆ. ನಾವೆಲ್ಲ ಡ್ರಿಪ್ಪು ಕಂಡಿರೋದು ಟೀವೀಲಿ. ನೀನು ಬರೆದಾದ್ಮೇಲೆ ಒಂದು ಫೋಟೋ ಹಾಕ್ಬಿಡು ಗ್ರೂಪಿಗೆ.”

“ನಾನು ಗ್ರೂಪಲ್ಲಿ ಇಲ್ವಲ್ಲಮ್ಮ.”

“ಅಯ್ಯೋ, ಇವತ್ತೇ ಸೇರಿಸ್ತೀನಿ,” ಎಂದಳು ಗುಂಗುರು. “ಅಕ್ಕ ಇಲ್ದಿರೋ ಮನೆ ಒಂದು ಮನೇನಾ?”

ಆ ಸಂಜೆ ಅವಳ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಯಾರದೋ ಬೆಕ್ಕು, ಯಾರದೋ ಹೊಸ ಚಪ್ಪಲಿ, ನಡುವೆ ‘ನಮ್ಮ ಅಕ್ಕನಿಗೆ ಸ್ವಾಗತ’ ಎಂಬ ಹೂಗಳು. ತರಕಾರಿ ಹೆಚ್ಚುತ್ತ ಅವಳು ಒಂದೊಂದನ್ನೂ ನೋಡಿದಳು. ಮಗಳು ಕೇಳಿದಳು, “ಅಮ್ಮ, ಯಾಕೆ ನಗ್ತಿದೀಯ?”

“ಸ್ನೇಹಿತರು,” ಎಂದಳು. ಆ ಮಾತು ಬಾಯಲ್ಲಿ ಹೊಸದಾಗಿ ಹೊಲಿಸಿದ ರವಿಕೆಯಂತೆ ಬಿಗಿಯಾಗಿತ್ತು.

ಮರುದಿನ ಅವಳು ಕ್ವಿಜ್ ಬರೆದಳು. ಒಂದು ಸಾವಿರ ಎಂ.ಎಲ್. ದ್ರವ, ಎಂಟು ಗಂಟೆ, ನಿಮಿಷಕ್ಕೆ ಎಷ್ಟು ಹನಿ? ಪ್ರಶ್ನೆಯ ಕೊನೆಯಲ್ಲಿ ಡ್ರಿಪ್ಪಿನ ಕೊಳವೆಯ ಸೆಟ್ಟಿನ ಅಳತೆ ಬರೆದಿತ್ತು: ಎಂ.ಎಲ್.ಗೆ ಹದಿನೈದು ಹನಿ. ಅವಳ ಕಣ್ಣು ಅದರ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ. ಹನಿ ಎಷ್ಟೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ನಲವತ್ತೆರಡು ಎಂದು ತುಂಬಿದಳು. ರೋಗಿ ಮೂರು ಗ್ಲಾಸ್ ನೀರು, ನೂರೈವತ್ತು ಎಂ.ಎಲ್. ಗಂಜಿ ಕುಡಿದಿದ್ದಾನೆ, ಒಟ್ಟೆಷ್ಟು? ಗ್ಲಾಸಿಗೆ ಇನ್ನೂರ ನಲವತ್ತು ಎಂದು ಮೇಲೇ ಕೊಟ್ಟಿತ್ತು. ನರ್ಸಿಂಗ್ ಹೋಮಿನ ಸ್ಟೀಲ್ ಗ್ಲಾಸು ಇನ್ನೂರರದು. ಏಳುನೂರ ಐವತ್ತು, ಎಂದು ಬರೆದಳು. ಇನ್ನೊಂದು ಕಡೆ, ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನ ಲೆಕ್ಕದಲ್ಲಿ, 1.2 ಎಂದು ಒತ್ತುವಾಗ ಚುಕ್ಕೆ ತಪ್ಪಿ 12 ಆಯಿತು. ಬೆರಳು ಒದ್ದೆಯಿತ್ತು.

ಫೋಟೋ ಹಾಕಿದಳು. ಕೂಡಲೇ ಹೃದಯಗಳು, ಚಪ್ಪಾಳೆಗಳು. ಆಮೇಲೆ ಸಲ್ಲಿಸುವ ಮೊದಲು ಇನ್ನೊಮ್ಮೆ ಎಲ್ಲವನ್ನೂ ನೋಡುತ್ತ ಕುಳಿತಳು. ತನ್ನ ಬೆನ್ನು ತನಗೆ ಕಾಣುವುದಿಲ್ಲ. ಎಲ್ಲ ಸರಿಯಾಗಿಯೇ ಕಂಡಿತು. ಅವಳು ಸಲ್ಲಿಸುವ ಹೊತ್ತಿಗೆ ಉಳಿದವರೆಲ್ಲ ಸಲ್ಲಿಸಿ ಬೆಕ್ಕಿನ ಫೋಟೋಗಳಿಗೆ ಮರಳಿದ್ದರು.

ಮೂರು ದಿನದ ನಂತರ ಆ ಪಾಠದ ಮೇಡಂ ತರಗತಿಗೆ ಲ್ಯಾಪ್‌ಟಾಪ್ ಇಲ್ಲದೆ ಬಂದರು. ಇವಳಿಗಿಂತ ಆರೇಳು ವರ್ಷ ಚಿಕ್ಕವರು, ಗಟ್ಟಿಯಾಗಿ ಮಾತಾಡಿದ್ದೇ ಇಲ್ಲ. ಜೊತೆಗೆ ಪ್ರಿನ್ಸಿಪಾಲ್ ಇದ್ದರು, ಕಿಟಕಿಯ ಬಳಿ ನಿಂತುಕೊಂಡರು.

“ಆ ಡ್ರಿಪ್ಪಿನ ಪ್ರಶ್ನೆಗೆ ಮೂವತ್ತೊಂದು ಅಂತ ಬರೆದವರ ಬಗ್ಗೆ ನಾನೇನೂ ಹೇಳಲ್ಲ,” ಎಂದರು ಮೇಡಂ. “ಅದು ಸರಿ ಉತ್ತರ. ನೂರು ಜನ ಅದನ್ನೇ ಬರೆದ್ರೂ ನಂಗೆ ಅನುಮಾನ ಬರಲ್ಲ. ಸರಿಯಾದ ದಾರಿ ಒಂದೇ, ಯಾರು ನಡೆದ್ರೂ ಅದೇ ಊರು ಸಿಗುತ್ತೆ. ದಾರಿ ತಪ್ಪೋರು ಹಾಗಲ್ಲ, ಒಬ್ಬೊಬ್ಬರು ಒಂದೊಂದು ಕಡೆ ಹೋಗ್ತಾರೆ. ಬಿ ಸೆಕ್ಷನ್‌ನಲ್ಲೂ ಇದೇ ಪ್ರಶ್ನೆ ಕೊಟ್ಟಿದ್ದೆ. ತಪ್ಪು ಮಾಡಿದವರು ನೂರಿಪ್ಪತ್ತೈದು ಅಂತ ಬರೆದಿದ್ದಾರೆ, ಎರಡು ಅಂತ ಬರೆದಿದ್ದಾರೆ, ಒಬ್ಬಳು ಹದಿನಾರು ಅಂತ. ನಲವತ್ತೆರಡು ಒಬ್ಬರೂ ಇಲ್ಲ. ಇಲ್ಲಿ ಹತ್ತೊಂಬತ್ತು ಜನ ನಲವತ್ತೆರಡು.”

ಮೇಡಂ ಬೆಂಚುಗಳ ನಡುವೆ ಎರಡು ಹೆಜ್ಜೆ ಮುಂದೆ ಬಂದರು.

“ನಾನೇ ತಪ್ಪು ಕಲಿಸಿದೀನಾ ಅಂತ ನನ್ನ ನೋಟ್ಸ್ ನೋಡ್ದೆ. ಇಲ್ಲ. ಪುಸ್ತಕ ನೋಡ್ದೆ. ಅದರಲ್ಲೂ ಇಲ್ಲ. ಒಂದೇ ಪ್ರಶ್ನೆ ಆಗಿದ್ರೆ ಎಲ್ಲರೂ ಎಡವೋ ಕಲ್ಲು ಅಂದ್ಕೊಂಡು ಬಿಡ್ತಿದ್ದೆ. ಆದ್ರೆ ಅದೇ ಹತ್ತೊಂಬತ್ತು ಜನ ಏಳುನೂರ ಐವತ್ತು ಅಂತಾನೂ ಬರೆದಿದ್ದಾರೆ. ಅದೇ ಹತ್ತೊಂಬತ್ತು ಜನ ಹನ್ನೆರಡು ಎಂ.ಎಲ್. ಅಂತ. ಹನ್ನೆರಡು ಎಂ.ಎಲ್. ಸ್ನಾಯುವಿಗೆ. ಅದು ಲೆಕ್ಕ ತಪ್ಪಿದ್ದಲ್ಲ, ಬೆರಳು ಜಾರಿದ್ದು. ಹತ್ತೊಂಬತ್ತು ಬೆರಳು ಒಂದೇ ಜಾಗದಲ್ಲಿ ಜಾರಲ್ಲ.”

ಲೀಡರ್ ಎದ್ದು ನಿಂತಳು. ಅವಳ ದನಿ ಚೆನ್ನಾಗಿತ್ತು, ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವ ದನಿ. “ಮೇಡಂ, ನಾವು ಕೆಲವರು ಕೂತು ಮಾತಾಡಿಕೊಂಡು ಬರೆದ್ವಿ, ಅದು ತಪ್ಪೇ. ಆಯಾ ಹೇಗೋ ನಮ್ಮಿಂದ ತಗೊಂಡಿದ್ದಾಳೆ. ನೋಡಿ ಬೇಕಾದ್ರೆ, ಎಲ್ಲರಿಗಿಂತ ಕೊನೇಲಿ ಸಲ್ಲಿಸಿದ್ದು ಅವಳೇ.”

ಅವಳು ಬಾಗಿಲ ಪಕ್ಕದ ಬೆಂಚಿನಿಂದ ಲೀಡರಿನ ಬೆನ್ನನ್ನೇ ನೋಡಿದಳು. ಜಡೆಗೆ ಹಾಕಿದ್ದ ರಬ್ಬರ್ ಬ್ಯಾಂಡು ಇವಳೇ ಕೊಟ್ಟದ್ದು, ಮೊನ್ನೆ.

“ಆಯಾ ಅಲ್ಲ,” ಎಂದಳು ಮೆಲ್ಲಗೆ. ಯಾರಿಗೂ ಕೇಳಿಸಲಿಲ್ಲ.

ಮೇಡಂ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿ ಬೋರ್ಡಿನ ಮೇಲೆ ಬರೆದರು: ಆರುನೂರು ಎಂ.ಎಲ್., ಐದು ಗಂಟೆ, ಎಂ.ಎಲ್.ಗೆ ಹದಿನೈದು ಹನಿಯ ಸೆಟ್. “ನಿಮಿಷಕ್ಕೆ ಎಷ್ಟು ಹನಿ? ಲೆಕ್ಕ ಕಾಣೋ ಹಾಗೆ ಮಾಡಿ. ಯಾರದನ್ನೂ ನೋಡ್ಬೇಡಿ.”

ಅವಳ ಎದೆ ಹಗುರವಾಯಿತು. ದೇವರೇ ಎದ್ದು ಬಂದು ಸೀಮೆಸುಣ್ಣ ಹಿಡಿದಂತಾಯಿತು. ತಾನು ಕದ್ದಿಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿತ್ತು? ಎಲ್ಲರಿಗಿಂತ ಮೊದಲು ಮುಗಿಸಿದಳು. ದುಂಡನೆಯ ಅಂಕಿಗಳು, ಒಂದರ ಕೆಳಗೊಂದು, ಕೊನೆಗೆ ಎರಡು ಗೆರೆ ಎಳೆದು: ನಲವತ್ತು.

ಮೇಡಂ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಲೀಡರಿನದು ನೂರಿಪ್ಪತ್ತು. ಗುಂಗುರಿನದು ಎರಡು. ಒಬ್ಬಳದು ಒಂಬತ್ತು ಸಾವಿರ, ಅದನ್ನು ಓದಿ ಪ್ರಿನ್ಸಿಪಾಲರೇ ಕಣ್ಣು ಮುಚ್ಚಿಕೊಂಡರು. ಒಬ್ಬೊಬ್ಬರು ಒಂದೊಂದು ಕಾಡಿಗೆ ಹೋಗಿದ್ದರು. ಹತ್ತೊಂಬತ್ತರಲ್ಲಿ ಒಂದೇ ಒಂದು ಹಾಳೆಯಲ್ಲಿ, ಹದಿನೈದು ಇರಬೇಕಾದ ಕಡೆ, ಅಚ್ಚುಕಟ್ಟಾಗಿ ಇಪ್ಪತ್ತು ಎಂದು ಬರೆದಿತ್ತು.

ಮೇಡಂ ಆ ಹಾಳೆಯನ್ನು ಎತ್ತಿಕೊಂಡು ಅವಳ ಬೆಂಚಿನ ಬಳಿಗೆ ಬಂದರು.

“ಈ ಇಪ್ಪತ್ತು ಎಲ್ಲಿಂದ ಬಂತು?”

“ಎಂ.ಎಲ್.ಗೆ ಇಪ್ಪತ್ತಲ್ವಾ ಮೇಡಂ? ಹನ್ನೊಂದು ವರ್ಷ ನಾನೇ ಎಣಿಸಿದೀನಿ.”

“ಗ್ಲಾಸಿಗೆ?”

“ಇನ್ನೂರು.” ತಲೆ ಎತ್ತಿ ಹೇಳಿದಳು. ಬಹಳ ದಿನಗಳ ಮೇಲೆ ಆ ಕೋಣೆಯಲ್ಲಿ ಅವಳು ತಲೆ ಎತ್ತಿದ್ದಳು.

ಮೇಡಂ ಬೋರ್ಡಿನ ಕಡೆ ಬೆರಳು ಮಾಡಿದರು. ಅವಳು ಓದಿದಳು. ಹದಿನೈದು. ಮತ್ತೊಮ್ಮೆ ಓದಿದಳು. ಮುಖದಿಂದ ರಕ್ತ ಇಳಿಯುವುದು ಹೇಗಿರುತ್ತದೆಂದು ರೋಗಿಗಳಲ್ಲಿ ನೋಡಿದ್ದಳು, ಒಳಗಿನಿಂದ ಈಗ ತಿಳಿಯಿತು.

“ನೀವು ಕಾಪಿ ಮಾಡಿಲ್ಲ,” ಎಂದರು ಮೇಡಂ. “ಈ ತಪ್ಪುಗಳು ನಿಮ್ಮವೇ. ಬೇರೆ ಯಾರಿಗೂ ಈ ತಪ್ಪು ಮಾಡೋಕೆ ಬರಲ್ಲ.” ದನಿಯಲ್ಲಿ ಕರುಣೆ ಇತ್ತು. ಆ ಕರುಣೆ ಯಾವ ಕೆಲಸಕ್ಕೂ ಬರಲಿಲ್ಲ.

ಪ್ರಿನ್ಸಿಪಾಲ್ ಕಿಟಕಿಯಿಂದ ಈಚೆ ಬಂದರು. ತೆಗೆದುಕೊಂಡವರಿಗೆ ಸೊನ್ನೆ, ಹದಿನೈದು ದಿನ ಬಿಟ್ಟು ಮರುಪರೀಕ್ಷೆ. ಕೊಟ್ಟವರಿಗೆ ಆ ವರ್ಷವೇ ರದ್ದು. ನಿಯಮ ಮೊದಲಿನಿಂದಲೂ ಗೋಡೆಯ ಮೇಲಿತ್ತು. “ಅವರು ಮಕ್ಕಳು, ಬಾಗಿಲು ತೆಗೆದಿತ್ತು, ನುಗ್ಗಿದರು. ಬೀಗದ ಕೈ ಕೊಟ್ಟಿದ್ದು ನೀವು. ಮಗಳಿರೋ ಹೆಂಗಸು.”

“ಸರ್, ಅವರು ಕೇಳಿದ್ರು...”

“ವಿಷ ಕೇಳಿದ್ರೂ ಕೊಡ್ತಿದ್ರಾ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪಾರಾದವರ ನಗು ಅದು, ತಡೆಯಲಾಗುವುದಿಲ್ಲ.

ಕಾರಿಡಾರಿನಲ್ಲಿ ಗುಂಗುರು ಅವಳನ್ನು ಅಡ್ಡಗಟ್ಟಿದಳು. “ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ಬೇಕಿತ್ತು. ದೊಡ್ಡ ಅನುಭವ ಅಂತ ನಂಬಿದ್ವಿ. ನಿನ್ನಿಂದ ನಮಗೆಲ್ಲ ಸೊನ್ನೆ.”

ಬಸ್ಸಿಗೆ ಕಾಯುವಾಗ ಫೋನು ನೋಡಿದಳು. ಅವಳನ್ನು ಗ್ರೂಪಿನಿಂದ ತೆಗೆದಿದ್ದರು. ತೆಗೆಯುವ ಮೊದಲು ಗ್ರೂಪಿಗೆ ಹೊಸ ಹೆಸರಿಟ್ಟಿದ್ದರು: ‘ಇಪ್ಪತ್ತು ಹನಿ’.

ಮನೆಯಲ್ಲಿ ಗಂಡ ಕೇಳಿದ್ದು ಒಂದೇ ಮಾತು. “ಮುಂದಿನ ವರ್ಷ ಮತ್ತೆ ಮೊದಲಿಂದಲಾ?” ಅವಳು ಹೌದೆಂದು ತಲೆಯಾಡಿಸಿದಳು. ಅವನು ವ್ಯಾನಿನ ಕೀಲಿ ತೆಗೆದುಕೊಂಡು ಹೊರಗೆ ಹೋದ. ಅತ್ತೆ ಎರಡು ಊಟದ ಡಬ್ಬಿಗಳಲ್ಲಿ ಒಂದನ್ನು ತೊಳೆದು ಒರೆಸಿ ಅಟ್ಟದ ಮೇಲಿಟ್ಟಳು. “ಬಿಡು, ಬೆಡ್‌ಪ್ಯಾನು ಏನು ಕೀಳಲ್ಲ. ಅದಕ್ಕೆ ಲೆಕ್ಕಾನೂ ಬೇಕಿಲ್ಲ.”

ನರ್ಸಿಂಗ್ ಹೋಮಿನಲ್ಲಿ ಹಳೆಯ ಕೆಲಸ ಸಿಕ್ಕಿತು. ದೊಡ್ಡ ಸಿಸ್ಟರ್ ನಿವೃತ್ತರಾಗಿದ್ದರು. ಹೊಸಬರು ಮೊದಲ ದಿನವೇ ಹೇಳಿದರು, “ಬಾಟಲಿ, ಸೂಜಿ ಏನೂ ಮುಟ್ಟೋ ಹಾಗಿಲ್ಲ. ನಿನ್ನ ಕೆಲಸ ನೆಲದ ಮೇಲಿಂದು.” ಅಲ್ಲಿನ ಸೆಟ್ಟಿನ ಪ್ಯಾಕೆಟ್ಟನ್ನು ಅವಳು ಅಂದು ಮೊದಲ ಬಾರಿಗೆ ಓದಿದಳು. ಎಂ.ಎಲ್.ಗೆ ಇಪ್ಪತ್ತು ಹನಿ ಎಂದೇ ಅಚ್ಚಾಗಿತ್ತು. ಇಲ್ಲಿ ಅವಳು ಸರಿ. ಇಲ್ಲಿ ಅವಳನ್ನು ಯಾರೂ ಕೇಳುವುದಿಲ್ಲ.

ಮಳೆಗಾಲ ಕಳೆದ ಮೇಲೆ ಕಾಲೇಜಿನ ಹುಡುಗಿಯರು ವಾರ್ಡ್ ತರಬೇತಿಗೆ ಬಂದರು. ಬಿಳಿ ಸಮವಸ್ತ್ರ, ಎದೆಯ ಮೇಲೆ ಪುಟ್ಟ ಗಡಿಯಾರ. ಲೀಡರ್ ಮೂರನೇ ಮಂಚದ ಬಳಿ ಡ್ರಿಪ್ಪಿನ ಕೆಳಗೆ ನಿಂತಿದ್ದಳು, ಹನಿ ಹೆಚ್ಚುಕಮ್ಮಿ ಮಾಡುವ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸುತ್ತ. ಹಣೆಯಲ್ಲಿ ಬೆವರು. ನೆಲ ಒರೆಸುತ್ತ ಬಂದವಳನ್ನು ಕಂಡು ಅತ್ತ ಇತ್ತ ನೋಡಿದಳು, ಬಗ್ಗಿದಳು.

“ಅಕ್ಕ,” ಎಂದಳು. “ಎಷ್ಟು ಹನಿ ಬಿಡ್ಲಿ? ಬೇಗ ಹೇಳು, ಸಿಸ್ಟರ್ ಬರ್ತಾರೆ.”

ಒರೆಸುವ ಬಟ್ಟೆ ಅವಳ ಕೈಯಲ್ಲಿ ನಿಂತಿತು. ಲೆಕ್ಕ ಅವಳಿಗೆ ಗೊತ್ತಿತ್ತು. ಬಾಟಲಿ ನೋಡಿದರೆ ಸಾಕು, ಅಂಕಿ ತಾನಾಗಿ ಬಾಯಿಗೆ ಬರುತ್ತಿತ್ತು. ಬಂತು ಕೂಡ. ಅದನ್ನು ನುಂಗಿಕೊಂಡಳು.

“ಪ್ಯಾಕೆಟ್ ಮೇಲೆ ಬರೆದಿದೆ,” ಎಂದಳು. “ಓದಿ, ಸಿಸ್ಟರ್.”

ಲೀಡರಿನ ಮುಖ ಗಂಟಾಯಿತು. ಪ್ಯಾಕೆಟ್ಟನ್ನು ತಿರುಗಿಸಿ ತಿರುಗಿಸಿ ಓದಿದಳು, ತುಟಿ ಅಲುಗಿಸಿ ಲೆಕ್ಕ ಹಾಕಿದಳು, ಎದೆಯ ಗಡಿಯಾರ ನೋಡಿ ಹನಿ ಎಣಿಸಿದಳು. ಸರಿಯಾಗಿಯೇ ಎಣಿಸಿದಳು. ಆಮೇಲೆ ಖಾಲಿ ಪ್ಯಾಕೆಟ್ಟನ್ನು ಮುದುರಿ, ಆಗಷ್ಟೇ ಒರೆಸಿದ ನೆಲದ ಮೇಲೆ ಹಾಕಿದಳು.

“ಆಯಾ, ಇದನ್ನ ಎತ್ತು.”

ಅವಳು ಎತ್ತಿದಳು.