ಗೇಟಿನಾಚೆಯ ಫಲಿತಾಂಶ

ಕಳೆದ ವಾರ ಬೆಳ್ತಂಗಡಿಯ ಸಂತಾಪ ಸಭೆಯಲ್ಲಿ ಶಶಿಪ್ರಭಾ ಸಿಸ್ಟರ್, "ಪ್ರೇಮಾವತಿ ಯಾರಿಗೂ ಎದುರು ಮಾತಾಡಿದವಳಲ್ಲ" ಎಂದರು. ಕಾಮಾಲೆ ಅವಳನ್ನು ಕೊಂದಿತು. ಈ ಮಾತು ಉಳಿದದ್ದನ್ನೂ ಕೊಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂಡಬಿದ್ರಿಯ ಒಂದು ಆಸ್ಪತ್ರೆಯಲ್ಲಿ ನಾನೂ ಪ್ರೇಮಾವತಿಯೂ ನರ್ಸಿಂಗ್ ಕಲಿಯುತ್ತಿದ್ದೆವು. ವಾರ್ಡಿನಲ್ಲಿ ಪಾಠ ಹೇಳುತ್ತಿದ್ದವರು ಇದೇ ಸಿಸ್ಟರ್. ಕೊನೆಯ ವರ್ಷ ಒಬ್ಬ ರೋಗಿಯ ವಿವರವನ್ನು ಅವರೆದುರು ಒಪ್ಪಿಸಿ ಪಾಸಾಗಬೇಕಿತ್ತು. ಪ್ರೇಮಾವತಿ ಆರಿಸಿಕೊಂಡದ್ದು ಮಾಣಿ ಎಂಬ ಊರಿನ ಬೀಯಮ್ಮನನ್ನು. ಟೈಫಾಯ್ಡ್ ಇಳಿದು ಮನೆಗೆ ಹೋಗಿದ್ದಳು.

"ಸಿಸ್ಟರ್, ಅವಳು ಈಗ ಹೇಗಿದ್ದಾಳೆಂದು ನೋಡಿ ಬರ್ತೇನೆ. ಫಲಿತಾಂಶ ಬರೆಯಬೇಕಲ್ಲ."

"ಗುಣವಾಗಿ ಬಿಡುಗಡೆ ಅಂತ ಬರೆ. ನಮ್ಮ ಫಲಿತಾಂಶ ಗೇಟಿನವರೆಗೆ ಮಾರಾಯ್ತಿ. ನೀನೇನು ಅವಳ ನಾದಿನಿಯಾ?"

ಆದರೂ ಪ್ರೇಮಾವತಿ ರಜೆಯ ದಿನ ಬಸ್ಸು ಹತ್ತಿ ಹೋದಳು. ಬೀಯಮ್ಮ ಮತ್ತೆ ಜ್ವರದಲ್ಲಿ ಬೇಯುತ್ತಿದ್ದಳು. ಗಂಡ ಯಾಕೂಬ್ ರೇಗಿದ: "ಗುಣ ಆಯ್ತು ಅಂತ ಕಳಿಸಿದ್ದು ನೀವೇ ಅಲ್ವಾ ತಂಗಿ? ಇದು ಬೇರೆ ಜ್ವರ ಅಂತ ಕಷಾಯ ಕೊಡ್ತಿದ್ದೆವು." ಬಿಡುಗಡೆಯ ದಿನ ಆಸ್ಪತ್ರೆಯಲ್ಲಿ ಯಾರೂ ಅವನಿಗೆ ಏನನ್ನೂ ಹೇಳಿರಲಿಲ್ಲ. ಅಂದೇ ಅವಳು ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಬಂದಳು.

ವಿವರ ಒಪ್ಪಿಸುವ ದಿನ ಬೀಯಮ್ಮ ಅದೇ ವಾರ್ಡಿನಲ್ಲಿ ಮಲಗಿದ್ದಳು. ಪ್ರೇಮಾವತಿ ಕ್ರಮ ತಪ್ಪಲಿಲ್ಲ. ದಿನದಿಂದ ದಿನಕ್ಕೆ ಏರಿದ ಜ್ವರ, ತಲೆನೋವು. ಮನೆಯಲ್ಲಿ ಮೊದಲು ಯಾರಿಗಾದರೂ ಬಂದಿತ್ತೇ, ಕುಡಿಯುವ ನೀರು ಎಲ್ಲಿಯದು. ಆಮೇಲೆ ರಕ್ತ ಪರೀಕ್ಷೆ, ಟೈಫಾಯ್ಡ್ ಪತ್ತೆಯ ವಿಡಾಲ್ ಪರೀಕ್ಷೆಯ ವರದಿ, ಡಾಕ್ಟರು ಕೊಟ್ಟ ಕ್ಲೋರಾಂಫೆನಿಕಾಲ್ ಔಷಧ. ಕೊನೆಗೆ ಶುಶ್ರೂಷೆಯ ವಿವರಕ್ಕೆ ಬಂದಳು: ನಾಲ್ಕು ಗಂಟೆಗೊಮ್ಮೆ ಜ್ವರ ನೋಡಿದ್ದು, ಮೈ ಒರೆಸಿದ್ದು, ಬಾಯಿ ಸ್ವಚ್ಛ ಮಾಡಿದ್ದು, ಗಂಜಿನೀರು, ಬೇರೆ ಪಾತ್ರೆ, ಮಲಕ್ಕೆ ಕ್ರಿಮಿನಾಶಕ ಹಾಕಿ ಚೆಲ್ಲಿದ್ದು. ಅಲ್ಲಿ ನಿಲ್ಲಿಸಲಿಲ್ಲ.

"ಬಿಡುಗಡೆಯ ದಿನ, ಜ್ವರ ಮರುಕಳಿಸಬಹುದು, ಬಂದರೆ ಕೂಡಲೇ ಬನ್ನಿ, ನೀರು ಕುದಿಸಿ ಕುಡಿಯಿರಿ ಎಂದು ಮನೆಯವರಿಗೆ ನಾವು ಹೇಳಲಿಲ್ಲ. ನಾನೂ ಹೇಳಲಿಲ್ಲ. ಶುಶ್ರೂಷೆ ಅಲ್ಲಿ ಅರ್ಧವಾಯಿತು. ಫಲಿತಾಂಶ: ಎರಡು ವಾರದಲ್ಲಿ ಜ್ವರ ಮರುಕಳಿಸಿ ಪುನಃ ದಾಖಲು."

"ಅದು ಬೇರೆ ಕೇಸು. ಹೊಡೆದು ಹಾಕು."

"ಕೇಸು ಅದೇ ಸಿಸ್ಟರ್. ಅಗೊ, ಮಲಗಿದ್ದಾಳೆ. ನೀವೇ ಕೇಳಿ."

ಹಾಸಿಗೆಯಿಂದ ಬೀಯಮ್ಮ, "ನಾನು ಬೇರೆಯವಳಲ್ಲಮ್ಮಾ" ಎಂದಳು. ನಾವು ನಕ್ಕೆವು. ಸಿಸ್ಟರ್ ನಗಲಿಲ್ಲ. ಅಹಂಕಾರ ಎಂದು ಫೇಲು ಮಾಡಿದರು. ನಾವೆಲ್ಲ ಕೆಲಸಕ್ಕೆ ಸೇರಿದಾಗ ಅವಳು ಇನ್ನೂ ಆರು ತಿಂಗಳು ಅದೇ ವಾರ್ಡಿನಲ್ಲಿ ಕಲಿಯುವವಳಾಗಿಯೇ ಉಳಿದಳು. ಬೀಯಮ್ಮ ಮಾತ್ರ ಈ ಸಲ ನಿಜವಾಗಿ ಗುಣವಾಗಿ ಹೋದಳು.

ಮುಂದಿನ ವರ್ಷದಿಂದ ವಿವರ ಒಪ್ಪಿಸುವವರೆಲ್ಲ ಮನೆಯವರಿಗೆ ಕೊಟ್ಟ ಸಲಹೆಯನ್ನೂ ಹೇಳಬೇಕೆಂದು ಸಿಸ್ಟರ್ ನಿಯಮ ಮಾಡಿದರು. ಯಾರಿಂದ ಕಲಿತದ್ದೆಂದು ಎಲ್ಲಿಯೂ ಹೇಳಲಿಲ್ಲ.

ಸಭೆಯಲ್ಲಿ ನಾನು ಎದ್ದು ಇದನ್ನೇ ಹೇಳಹೊರಟೆ. "ಇವತ್ತು ಬೇಡ, ಕುಳಿತುಕೊ" ಎಂದರು ಸಿಸ್ಟರ್. ಕುಳಿತುಕೊಳ್ಳಲಿಲ್ಲ. ಪ್ರೇಮಾವತಿ ಸಿಸ್ಟರ್ ಬೇಡವೆಂದರೂ ಹೋದಳು, ಎದುರು ಮಾತಾಡಿದಳು, ಅದರಿಂದ ಮಾಣಿಯಲ್ಲಿ ಒಬ್ಬಳು ಬದುಕಿದ್ದಾಳೆ ಎಂದು ಪೂರ್ತಿ ಹೇಳಿಯೇ ಹೊರಗೆ ಬಂದೆ.